ಡೆಮೊ ಚೆನ್ನಾಗಿದೆ ಅಂದರು, ಈಗ ಫೋನೇ ಎತ್ತುತ್ತಿಲ್ಲ

ಪೀಣ್ಯ ಪಯಣಿಗ
ಫ್ಯಾಕ್ಟರಿಗಳಿಗೆ ಸ್ಟಾಕ್ ಸಾಫ್ಟ್‌ವೇರ್ ಮಾರುತ್ತೇನೆ. ಪೀಣ್ಯ ಎರಡನೇ ಹಂತದಲ್ಲಿ ಒಂದು ಪ್ರೆಸ್ ಶಾಪ್. ಓನರ್ "ಸ್ಟಾಕ್ ತಾಳೆ ಆಗ್ತಿಲ್ಲ, ಬಾರ್‌ಕೋಡ್ ಬೇಕು" ಅಂದರು. ಮುಕ್ಕಾಲು ಗಂಟೆ ಡೆಮೊ ಕೊಟ್ಟೆ, 2.8 ಲಕ್ಷಕ್ಕೆ ಕೊಟೇಶನ್ ಕಳಿಸಿದೆ. ಮೂರು ವಾರ ಆಯ್ತು, ಸುದ್ದಿ ಇಲ್ಲ. ನಮ್ಮ ಮ್ಯಾನೇಜರ್ "ನೀನು ಮೊದಲು ಪ್ರಶ್ನೆನೇ ಕೇಳಲಿಲ್ಲ" ಅಂತ ಬೈದರು. ಬೇಕಾಗಿದ್ದನ್ನು ಅವರೇ ಹೇಳಿದ ಮೇಲೆ ಇನ್ನೇನು ಕೇಳೋದು?

ಬೊಮ್ಮಸಂದ್ರ ಬಸ್
ಹೌದು-ಇಲ್ಲ ಅಂತ ಉತ್ತರ ಬರುವ ಪ್ರಶ್ನೆ ಕೇಳಲೇಬಾರದು, ಅಷ್ಟೇ. "ಏನು", "ಹೇಗೆ", "ಯಾಕೆ" ಇಂದ ಶುರು ಮಾಡಿ. ಒಂದೊಂದು ಉತ್ತರಕ್ಕೂ ಮತ್ತೆ "ಯಾಕೆ" ಕೇಳಿ. ಐದು ಸಲ ಕೇಳುವಷ್ಟರಲ್ಲಿ ನಿಜ ಹೊರಗೆ ಬರುತ್ತೆ.

ಲೇತ್ ಸಾಹುಕಾರ
ಸ್ವಾಮಿ, ನಾನು ಆ ಕಡೆ ಕುರ್ಚಿಯಲ್ಲಿ ಕೂರುವವನು. ಮಷಿನ್ ಶಾಪ್ ಇದೆ. ಐದು ಸಲ "ಯಾಕೆ" ಅಂದ್ರೆ ಪೊಲೀಸ್ ಸ್ಟೇಷನ್ನಲ್ಲಿ ಕೂತ ಹಾಗಾಗುತ್ತೆ. ಹೋದ ತಿಂಗಳು ಒಬ್ಬ ಹುಡುಗ ಬಂದು "ಸರ್, ನಿಮ್ಮ ದೊಡ್ಡ ಸವಾಲುಗಳು ಯಾವುವು?" ಅಂದ. ಕರೆಂಟ್, ಲೇಬರ್, ಪೇಮೆಂಟ್ ಅಂದೆ. ಎಲ್ಲ ಬರೆದುಕೊಂಡು, ಬಂದಾಗಲೇ ತೆರೆದಿಟ್ಟಿದ್ದ ಅದೇ ಡೆಮೊ ತೋರಿಸಿದ. ಮತ್ತೆ ಕೇಳಿದ್ದು ಯಾತಕ್ಕೆ?

ಮಲ್ಲೇಶ್ವರದ ಅಕ್ಕ
ಸಾಹುಕಾರರು ಹೇಳಿದ್ದು ಸರಿ. "ಸವಾಲು ಏನು" ಅನ್ನೋದಕ್ಕೆ ಏನು ಬೇಕಾದರೂ ಉತ್ತರ ಕೊಡಬಹುದು. ಹಾಗಾಗಿ ಯಾರೂ ಯೋಚನೆ ಮಾಡಿ ಹೇಳಲ್ಲ. ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ನನ್ನ ಮೊದಲ ಪ್ರಶ್ನೆ ಯಾವಾಗಲೂ ನಡೆದ ಒಂದು ದಿನದ ಬಗ್ಗೆ.

ನಿಮ್ಮಂಥದ್ದೇ ಕೇಸ್ ಒಂದಿತ್ತು. ಆ ಓನರ್ ಕೂಡ ಬಾರ್‌ಕೋಡ್ ಬೇಕು ಅಂದರು. ನಾನು ಲ್ಯಾಪ್‌ಟಾಪ್ ತೆಗೆಯಲಿಲ್ಲ. "ಕಳೆದ ಸಲ ಸ್ಟಾಕ್ ತಾಳೆ ಆಗದೇ ಇದ್ದ ದಿನ ಏನಾಯ್ತು? ಬೆಳಗ್ಗೆಯಿಂದ ಹೇಳಿ ಸರ್" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಅಲ್ಲಿ ಬಾಯಿ ಹಾಕಿದರೆ ಕಥೆ ಕೆಟ್ಟಿತು.

ಆಮೇಲೆ ಹೇಳಿದರು. ಮಂಗಳವಾರ 5,000 ಬ್ರಾಕೆಟ್ ಕಳಿಸಬೇಕಿತ್ತು. ರಿಜಿಸ್ಟರ್‌ನಲ್ಲಿ 5,000 ಇದೆ, ಕೈಯಲ್ಲಿ 4,200. "ಆಗ ಏನು ಮಾಡಿದ್ರಿ?" ಪ್ಲೇಟಿಂಗ್ ಮಾಡುವವರ ಹತ್ತಿರ ಬೈಕ್‌ನಲ್ಲಿ ಹುಡುಗನನ್ನು ಓಡಿಸಿದರಂತೆ. 800 ಪೀಸ್ ಅಲ್ಲೇ ಇತ್ತು. ಪ್ಲೇಟಿಂಗ್ ಸರಿ ಹಿಡಿದಿರಲಿಲ್ಲ, ಮತ್ತೆ ಮಾಡ್ತಿದ್ದರು.

ನೋಡಿ, ಗೋಡೌನ್‌ನಲ್ಲಿ ಏನೂ ಕಳೆದಿರಲಿಲ್ಲ. ಹಾಗಾದರೆ ರಿಜಿಸ್ಟರ್ ಯಾಕೆ ಸುಳ್ಳು ಹೇಳಿತು? "ಮಾಲು ಹೋಗುವಾಗ ಯಾರು ಬರೀತಾರೆ, ಬರುವಾಗ ಯಾರು?" ಅಂತ ಕೇಳಿದೆ. ಹೋಗುವಾಗ ಸೂಪರ್‌ವೈಸರ್ ಚಲನ್‌ನಲ್ಲಿ ಪೀಸ್ ಲೆಕ್ಕ ಬರೆಯುತ್ತಾರೆ. ಬರುವಾಗ ಪ್ಲೇಟಿಂಗ್‌ನವರು ಕೆಜಿ ಲೆಕ್ಕದಲ್ಲಿ ಕೊಡುತ್ತಾರೆ, ಅವರ ಬಿಲ್ ಕೆಜಿಗೆ ತಾನೇ. ಬ್ರಾಕೆಟ್ ಒಂದಕ್ಕೆ ಸುಮಾರು 85 ಗ್ರಾಂ. ಬಂದದ್ದು 357 ಕೆಜಿ. ಅದು 425 ಇರಬೇಕಿತ್ತು ಅಂತ ಗೇಟ್‌ನಲ್ಲಿ ಯಾರೂ ಭಾಗಿಸಿ ನೋಡಲಿಲ್ಲ. "ಮಾಲು ಬಂತು" ಅಂತ ಪೂರ್ತಿ ಚಲನ್ ಮುಗಿಸಿಬಿಟ್ಟರು. ಇದಕ್ಕೆ ಬಾರ್‌ಕೋಡ್ ಏನು ಮಾಡುತ್ತೆ?

ಫಿಲ್ಟರ್ ಕಾಫಿ
ಪ್ರಶ್ನೆಪಟ್ಟಿ ಬೇಕು ಅಂದ್ರೆ ನನ್ನ ಹತ್ತಿರ 20 ಪ್ರಶ್ನೆಯ ಗೂಗಲ್ ಫಾರ್ಮ್ ಇದೆ. ಭೇಟಿಗೆ ಮೊದಲೇ ವಾಟ್ಸಾಪ್‌ನಲ್ಲಿ ಕಳಿಸಿ, ಟೈಮ್ ಉಳಿಯುತ್ತೆ.

ಲೇತ್ ಸಾಹುಕಾರ
ಅದನ್ನು ನನ್ನ ಅಕೌಂಟೆಂಟ್ ತುಂಬುತ್ತಾನೆ. ಅವನಿಗೆ ಶಾಪ್‌ನಲ್ಲಿ ಏನಾಗುತ್ತೆ ಗೊತ್ತಿಲ್ಲ.

ಬೊಮ್ಮಸಂದ್ರ ಬಸ್
ಅಕ್ಕ, ನೀವು ಹೇಳಿದ್ದರಲ್ಲೂ ಎಲ್ಲಾ "ಏನು", "ಯಾರು" ಪ್ರಶ್ನೆಗಳೇ ಅಲ್ವಾ? ನನ್ನ ಮಾತೇ ಆಯ್ತು.

ಮಲ್ಲೇಶ್ವರದ ಅಕ್ಕ
ಅರ್ಧ ಮಾತ್ರ. ನೀಲ್ ರ‍್ಯಾಕ್‌ಹ್ಯಾಮ್ ಅವರ ತಂಡ 35,000 ಮಾರಾಟದ ಭೇಟಿಗಳನ್ನು ನೋಡಿತ್ತು. ಪ್ರಶ್ನೆ ಹೌದು-ಇಲ್ಲದ್ದೋ ಬಿಡಿಸಿ ಹೇಳುವಂಥದ್ದೋ ಅನ್ನೋದಕ್ಕೂ ವ್ಯಾಪಾರ ಕುದುರುವುದಕ್ಕೂ ಸಂಬಂಧ ಕಾಣಲಿಲ್ಲ ಅಂತ ಅವರು ಬರೆದಿದ್ದಾರೆ. ದೊಡ್ಡ ವ್ಯಾಪಾರದಲ್ಲಿ ಕೆಲಸ ಮಾಡಿದ್ದು, ತೊಂದರೆಯಿಂದ ಮುಂದೆ ಏನೇನಾಗುತ್ತೆ ಅಂತ ಕೇಳುವ ಪ್ರಶ್ನೆಗಳು. ನಾನೂ ಬೇಕಾದಾಗ ಹೌದು-ಇಲ್ಲ ಕೇಳುತ್ತೇನೆ. "ತಿಂಗಳಿಗೆ ಒಂದು ಸಲಕ್ಕಿಂತ ಜಾಸ್ತಿ ಆಗುತ್ತಾ?" ಅಂತ ಕೇಳಿದೆ. "ಮೂರು ಸಲ" ಅಂದರು.

ಆಗ "ಅಂಥ ದಿನ ಏನೇನು ಖರ್ಚು ಬೀಳುತ್ತೆ?" ಅಂದೆ. ಅವರೇ ಪೆನ್ ತೆಗೆದರು. ಸ್ಪೆಷಲ್ ಟೆಂಪೊಗೆ 2,500, ರಾತ್ರಿ ಓಟಿಗೆ 4,000. ತಿಂಗಳಿಗೆ 19,500. ವರ್ಷಕ್ಕೆ 2,34,000. ಆ ಅಂಕಿ ನಾನು ಹೇಳಿದ್ದರೆ "ನಿಮ್ಮ ಲೆಕ್ಕ ನಿಮಗೆ" ಅಂತಿದ್ದರು. ಅದರ ಮೇಲೆ ಅಕೌಂಟೆಂಟ್, ಹೀಗೆ ಹೊರಗೆ ಕೆಲಸಕ್ಕೆ ಕಳಿಸಿದ ಮಾಲಿನ ಲೆಕ್ಕ ಕೊಡುವ ಜಿಎಸ್‌ಟಿ ಫಾರ್ಮ್ ಐಟಿಸಿ-04 ತುಂಬುವಾಗ ಚಲನ್ ಹುಡುಕುವ ಪಾಡು ಬೇರೆ. ಜಾಬ್ ವರ್ಕ್‌ಗೆ ಹೋದ ಮಾಲು ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ ಜಿಎಸ್‌ಟಿ ಲೆಕ್ಕದಲ್ಲಿ ಅದು ಮಾರಿದ ಹಾಗೆ.

ಪೀಣ್ಯ ಪಯಣಿಗ
ಕೊನೆಗೆ ಏನು ಮಾರಿದ್ರಿ?

ಮಲ್ಲೇಶ್ವರದ ಅಕ್ಕ
ಚಲನ್ ಪ್ರಕಾರ ಬಾಕಿ ತೋರಿಸುವ ಒಂದೇ ಭಾಗ, 60 ಸಾವಿರಕ್ಕೆ. ಗೇಟ್‌ನಲ್ಲಿ ತೂಕ ಹಾಕಿದರೆ ಪೀಸ್ ಲೆಕ್ಕ ತಾನೇ ಬರುತ್ತೆ. ನಮ್ಮ ಬಾಸ್‌ಗೆ ಖುಷಿ ಆಗಲಿಲ್ಲ, ಅದು ಬಿಡಿ.

ತಪ್ಪೂ ಮಾಡಿದೆ. "ಇದಕ್ಕೆ ಮೊದಲು ಏನೇನು ಪ್ರಯತ್ನ ಮಾಡಿದ್ರಿ?" ಅಂತ ಸೂಪರ್‌ವೈಸರ್ ಎದುರಿಗೇ ಕೇಳಿದೆ. ಓನರ್ "ಏನೂ ಇಲ್ಲ" ಅಂದರು. ಎರಡು ವರ್ಷದ ಹಿಂದೆ ಒಂದು ಸಾಫ್ಟ್‌ವೇರ್ ತಗೊಂಡಿದ್ದರು, ಆ ಸೂಪರ್‌ವೈಸರ್ ಎಂಟ್ರಿ ಮಾಡದೆ ಅದು ಮೂಲೆ ಸೇರಿತ್ತು. ಇದು ನನಗೆ ಗೊತ್ತಾಗಿದ್ದು ಹಣ ಬಂದ ಮೇಲೆ, ನಮ್ಮದನ್ನೂ ಅವನು ಮುಟ್ಟದೇ ಇದ್ದಾಗ! ಈಗ ಓನರ್ ಹತ್ತಿರ ಕ್ಯಾಬಿನ್‌ನಲ್ಲಿ, ಸೂಪರ್‌ವೈಸರ್ ಹತ್ತಿರ ಶಾಪ್ ಒಳಗೆ ನಿಂತುಕೊಂಡು, ಬೇರೆ ಬೇರೆಯಾಗಿ ಕೇಳುತ್ತೇನೆ.

ಲೇತ್ ಸಾಹುಕಾರ
ಶಾಪ್ ಒಳಗೆ ನಡೆದುಕೊಂಡು ಕೇಳಿದರೆ ನಾವೂ ಬಿಚ್ಚಿ ಮಾತಾಡ್ತೀವಿ. ಮಷಿನ್ ಮುಂದೆ ನಿಂತಾಗ ನೆನಪಾಗುತ್ತೆ. ಆದರೆ ಇಪ್ಪತ್ತು ನಿಮಿಷ ಅಂದರೆ ಇಪ್ಪತ್ತೇ ನಿಮಿಷ.

ಬೊಮ್ಮಸಂದ್ರ ಬಸ್
ಇದೆಲ್ಲ ಓನರ್ ಸಿಕ್ಕರೆ ಸರಿ. ನನಗೆ ಸಿಗೋದು ದೊಡ್ಡ ಕಂಪನಿಯ ಪರ್ಚೇಸ್‌ನವರು. ಮೇಲ್‌ನಲ್ಲಿ ಸ್ಪೆಸಿಫಿಕೇಶನ್ ಕಳಿಸ್ತಾರೆ, ಶುಕ್ರವಾರದೊಳಗೆ ರೇಟ್ ಕೇಳ್ತಾರೆ. ಪ್ರಶ್ನೆ ಕೇಳಿದರೆ "ಮೇಲ್ ಓದಿ" ಅಂತಾರೆ.

ಮಲ್ಲೇಶ್ವರದ ಅಕ್ಕ
ಅಲ್ಲಿ ನಾನೂ ಸೋತಿದ್ದೇ ಜಾಸ್ತಿ. ಆ ಸ್ಪೆಸಿಫಿಕೇಶನ್ ಬರೆದ ಇಂಜಿನಿಯರ್ ಜೊತೆ ಹತ್ತು ನಿಮಿಷ ಕೊಡಿ ಅಂತ ಕೇಳುತ್ತೇನೆ. ಕೊಡದಿದ್ದರೆ ಸಾಮಾನ್ಯವಾಗಿ ರೇಟ್ ಹಾಕಲ್ಲ.

ಬೊಮ್ಮಸಂದ್ರ ಬಸ್
ರೇಟ್ ಹಾಕದೇ ಇದ್ದರೆ ನನ್ನ ಟಾರ್ಗೆಟ್ ಯಾರು ಮುಟ್ಟಿಸ್ತಾರೆ ಅಕ್ಕ? ಇದನ್ನು ಮಾತ್ರ ನಾನು ಒಪ್ಪಲ್ಲ.

ಪೀಣ್ಯ ಪಯಣಿಗ
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಓನರ್‌ಗೆ "ಕೊಟೇಶನ್ ಪಕ್ಕಕ್ಕಿಡಿ ಸರ್, ಒಂದು ವಿಷಯ ಕೇಳಬೇಕಿತ್ತು" ಅಂತ ಮೆಸೇಜ್ ಹಾಕಿದೆ. ಅವರೇ ಫೋನ್ ಮಾಡಿದರು. "ಈಗಲೇ ಬಾರ್‌ಕೋಡ್ ಬೇಕು ಅಂತ ಅನ್ನಿಸಿದ್ದು ಹೇಗೆ?" ಅಂದೆ. ಅವರ ಗಿರಾಕಿ ಕಂಪನಿಯವರು ಆಡಿಟ್‌ಗೆ ಬಂದಿದ್ದರಂತೆ. ಯಾವ ಕಾಯಿಲ್‌ನಿಂದ ಯಾವ ಲಾಟ್ ಆಯ್ತು ಅಂತ ತೋರಿಸೋಕೆ ಇವರಿಂದ ಆಗಿಲ್ಲ. ಸ್ಟಾಕ್ ತಾಳೆ ವಿಷಯವೇ ಅಲ್ಲ! ನನ್ನ ಡೆಮೊದಲ್ಲಿ ಲಾಟ್ ಬಗ್ಗೆ ಒಂದು ಮಾತೂ ಇರಲಿಲ್ಲ. ಗುರುವಾರ ಬರೋಕೆ ಹೇಳಿದ್ದಾರೆ. ಹೊಸ ಡೆಮೊ ರೆಡಿ ಮಾಡ್ತಿದ್ದೀನಿ.

ಮಲ್ಲೇಶ್ವರದ ಅಕ್ಕ
ತಡಿ ತಮ್ಮಾ. ಡೆಮೊ ಮತ್ತೆ ಆಮೇಲೆ. ಆಡಿಟರ್ ಬರೆದುಕೊಟ್ಟ ಆ ಹಾಳೆ ತೋರಿಸಿ ಅಂತ ಮೊದಲು ಕೇಳು. ಉತ್ತರ ಕೊಡೋಕೆ ಅದರಲ್ಲಿ ಕೊನೆ ದಿನ ಯಾವತ್ತು ಅಂತ ಹಾಕಿದ್ದಾರೆ ನೋಡು.