2009ರಲ್ಲಿ ಮಾರುಕಟ್ಟೆ ಏರುವಾಗಲೇ ಮೊಮೆಂಟಮ್ ಮುಗ್ಗರಿಸಿದ್ದೇಕೆ?

ಹೊಸ_ಹೂಡಿಕೆದಾರ: ವರ್ಷದಿಂದ ಏರುತ್ತಿರುವ ಷೇರು ಕೊಂಡು, ಬೀಳುತ್ತಿರುವುದನ್ನು ಶಾರ್ಟ್ ಮಾಡಿದರೆ, ಅಂದರೆ ಎರವಲು ತಂದು ಮಾರಿ ಆಮೇಲೆ ಅಗ್ಗಕ್ಕೆ ಕೊಂಡು ಹಿಂತಿರುಗಿಸಿದರೆ ಲಾಭ, ಇದೇ ಮೊಮೆಂಟಮ್ ಅಂತಾರೆ. ಹಾಗಾದರೆ 2009ರಲ್ಲಿ ಅಮೆರಿಕದ ಮಾರುಕಟ್ಟೆ ಚೇತರಿಸಿಕೊಂಡಾಗ ಈ ತಂತ್ರ ಯಾಕೆ ಕುಸೀತು?

ಗಿರೀಶ್_ಟ್ರೇಡ್ಸ್: ಎಲ್ಲರೂ ಒಂದೇ ಷೇರುಗಳಲ್ಲಿ ತುಂಬಿಕೊಂಡಿರ್ತಾರೆ. ಒಟ್ಟಿಗೆ ಮಾರಿದಾಗ ಗೆದ್ದ ಷೇರುಗಳು ನೆಲಕಚ್ಚುತ್ತವೆ, ಅಷ್ಟೇ.

ಅಂಕಿಅಂಶ: ಗಿರೀಶ್ ಸರ್, ಹಾಗೂ ಆಗುವುದುಂಟು. ಆದರೆ 2009ರಲ್ಲಿ ಆದದ್ದು ಅದಲ್ಲ. ಮಾರ್ಚ್‌ನಿಂದ ಮೇವರೆಗೆ ಗೆದ್ದ ಷೇರುಗಳ ಗುಂಪು ಬೀಳಲೇ ಇಲ್ಲ, ಸುಮಾರು 8% ಏರಿತು. ಸೋತವುಗಳ ಗುಂಪು 163% ಏರಿತು. ಎರಡೂ ಕಡೆ ನೂರು ನೂರು ರೂಪಾಯಿ ಹಾಕಿದ್ದವನಿಗೆ 8 ಬಂದು 163 ಹೋಯಿತು. ಹೊಡೆತ ಬಿದ್ದದ್ದು ಶಾರ್ಟ್ ಕಡೆಯಿಂದ.

ಕಾರಣ ಸಾಲ. ಕಂಪನಿಯ ಆಸ್ತಿ 100 ಕೋಟಿ, ಸಾಲ 80 ಕೋಟಿ ಅಂದುಕೊಳ್ಳಿ. ಆಸ್ತಿ 84ಕ್ಕೆ ಇಳಿದರೆ ಷೇರುದಾರರ ಪಾಲು 20ರಿಂದ 4ಕ್ಕೆ ಬರುತ್ತದೆ. ಆಮೇಲೆ ಆಸ್ತಿ 88 ಆದರೆ ಸಾಕು, ಏರಿಕೆ 5% ಕೂಡ ಅಲ್ಲ, ಆ ಪಾಲು 8 ಆಗಿ ದುಪ್ಪಟ್ಟಾಗುತ್ತದೆ. ದೊಡ್ಡ ಕುಸಿತದ ನಂತರ ಸೋತವರ ಪಟ್ಟಿಯಲ್ಲಿ ಇಂಥವೇ ತುಂಬಿರುತ್ತವೆ. ಮಾರುಕಟ್ಟೆ ತಿರುಗಿದ ಕೂಡಲೇ ಅವೇ ಮೊದಲು ಚಿಮ್ಮುತ್ತವೆ. 1932ರ ಜುಲೈ, ಆಗಸ್ಟ್‌ನಲ್ಲೂ ಹೀಗೇ ಆಗಿತ್ತು.

ಶ್ವೇತಾ_ಎಸ್‌ಐಪಿ: ನನ್ನದು ನಿಫ್ಟಿ200 ಮೊಮೆಂಟಮ್ 30 ಫಂಡ್. ನನಗೂ ಹೀಗೇ ಆಗುತ್ತಾ?

ಅಂಕಿಅಂಶ: ಇಲ್ಲ ಮೇಡಂ, ಅದರಲ್ಲಿ ಶಾರ್ಟ್ ಇಲ್ಲ. ನಿಮಗೆ ಬೇರೆ ತೊಂದರೆ: ಮಾರುಕಟ್ಟೆ ಜೊತೆ ನೀವೂ ಬೀಳ್ತೀರಿ, ಚೇತರಿಕೆಯಲ್ಲಿ ಹಿಂದೆ ಉಳಿಯಬಹುದು. ಫಂಡ್‌ನ ಷೇರುಗಳ ಪಟ್ಟಿ ಬದಲಾಗುವುದು ಜೂನ್, ಡಿಸೆಂಬರ್‌ನಲ್ಲಿ ಮಾತ್ರ. ನಡುವೆ ದಿಕ್ಕು ತಿರುಗಿದರೆ ಹಳೆಯ ಷೇರುಗಳೇ ಇರುತ್ತವೆ.

ಗಿರೀಶ್_ಟ್ರೇಡ್ಸ್: ಸರಿ, ಆದರೆ ಮೂಲತಃ ಇದು ಕೆಲಸ ಮಾಡೋದಾದರೂ ಯಾಕೆ? 1993ರಲ್ಲಿ ಸಂಶೋಧಕರಾದ ಜೇಗದೀಶ್ ಮತ್ತು ಟಿಟ್ಮನ್ ಈ ತಂತ್ರದ ಬಗ್ಗೆ ಸಂಶೋಧನಾ ಪೇಪರ್ ಪ್ರಕಟಿಸಿದ ಮೇಲೆ ಎಲ್ಲರಿಗೂ ಗೊತ್ತಾಯ್ತಲ್ಲ.

ಮಂದಗತಿ: ಒಳ್ಳೆ ಸುದ್ದಿ ಬಂದಾಗ ಜನ ಸ್ವಲ್ಪ ಲಾಭ ಕಂಡ ಕೂಡಲೇ ಮಾರಿಬಿಡ್ತಾರೆ, ನಷ್ಟದ್ದನ್ನು ಬಿಡದೆ ಹಿಡಿದುಕೊಳ್ತಾರೆ. ಅದಕ್ಕೇ ಬೆಲೆ ಸುದ್ದಿಗೆ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಈ ಅಭ್ಯಾಸ ಪೇಪರ್ ಓದಿದ ಮಾತ್ರಕ್ಕೆ ಹೋಗಲ್ಲ.

ಅಂಕಿಅಂಶ: ನಾನು ಅಷ್ಟು ಖಚಿತವಾಗಿ ಹೇಳಲಾರೆ. ಕುಸಿತದ ಅಪಾಯ ಹೊರುವುದಕ್ಕೆ ಸಿಗುವ ಪ್ರತಿಫಲವೇ ಇದು ಎನ್ನುವ ವಾದವೂ ಇದೆ. ಅಪಾಯ ತಗ್ಗಿಸಲು ದಾರಿಯಂತೂ ಇದೆ: ತಂತ್ರದ ಕಳೆದ ಆರು ತಿಂಗಳ ದಿನದ ಏರಿಳಿತ ಅಳೆಯಿರಿ. ಏರಿಳಿತದ ವಾರ್ಷಿಕ ಗುರಿ 12% ಇದ್ದು ಈಗಿನದು 24% ಆಗಿದ್ದರೆ ಹೂಡಿಕೆ ಅರ್ಧಕ್ಕೆ ಇಳಿಸಿ. ಅಮೆರಿಕದ ಹಳೆಯ ಅಂಕಿಗಳಲ್ಲಿ ಇದರಿಂದ ಅತಿ ಕೆಟ್ಟ ತಿಂಗಳ ನಷ್ಟ ಸುಮಾರು 79%ರಿಂದ 28%ಕ್ಕೆ ಇಳಿಯಿತು.

ಗಿರೀಶ್_ಟ್ರೇಡ್ಸ್: ನಮ್ಮಲ್ಲಿ ಪ್ರತಿ ಸಲ ಇಳಿಸಿ ಏರಿಸಿದರೆ ಷೇರು ವಹಿವಾಟಿನ ತೆರಿಗೆ ಎಸ್‌ಟಿಟಿ, ಲಾಭದ ಮೇಲೆ ಅಲ್ಪಾವಧಿ ತೆರಿಗೆ 20%. ಅದೆಲ್ಲ ಕಳೆದ ಮೇಲೂ ಉಳಿಯುತ್ತಾ ಅನ್ನೋದನ್ನ ಯಾರಾದರೂ ಲೆಕ್ಕ ಹಾಕಿ ತೋರಿಸಿ.