ಸಹಾಯ ಬೇಕು: ಸಾದಾ ಟವೆಲಿಗೆ 8ರ ಹಣಿಗೆಯೋ, 10ರದೋ?

ನಮಸ್ಕಾರ, ನಾನು ಗದಗ-ಬೆಟಗೇರಿಯಿಂದ. ರಿಜಿಡ್ ಹೆಡಲ್ ಮಗ್ಗದಲ್ಲಿ ಹತ್ತಿ ನೂಲಿನ ಟವೆಲ್ ನೇಯಬೇಕು. ನೂಲನ್ನು ಬಿಗಿಯದೆ, ಎಳೆಗೆ ಎಳೆ ತಾಗಿಸಿ ಸ್ಕೇಲಿಗೆ ಸುತ್ತಿದೆ. ಇಂಚಿಗೆ 18 ಸುತ್ತು ಬಂತು. ಹೊಕ್ಕಿಗೂ ಅಷ್ಟೇ ಜಾಗ ಬೇಕಲ್ವಾ? ಹಾಗಾಗಿ ಹಾಸು ಇಂಚಿಗೆ 9 ಎಳೆ. ಆದರೆ ನನ್ನ ಹತ್ತಿರ ಇರೋದು 8 ಮತ್ತು 10ರ ಹಣಿಗೆ ಮಾತ್ರ. 8 ಹಾಕಿದರೆ ಬಟ್ಟೆ ಜಾಳಾಗುತ್ತೆ, ಶಾಲಿಗಾದರೆ ಅದೇ ಚೆಂದ. ಟವೆಲಿಗೆ 10 ಸರಿ ಅನಿಸುತ್ತೆ. ಹೊಕ್ಕು ಸರಿಯಾಗಿ ಕೂರುತ್ತಾ?

ಇನ್ನು ಹಾಸಿನ ಉದ್ದ. ಟವೆಲ್ 150 ಸೆಂ.ಮೀ., ನೇಯುವಾಗ, ತೊಳೆದಾಗ ಕುಗ್ಗೋದಕ್ಕೆ 30. ಎರಡು ಟವೆಲಿಗೆ 360. ಗಂಟಿಗೆ, ಕೊನೆಗೆ ನೇಯಲಾಗದೆ ಉಳಿಯೋ ತುದಿಗೆ 50. ಅದು ಒಂದೇ ಸಲ ಹೋಗೋದರಿಂದ ಒಟ್ಟು 410. ಇಷ್ಟು ಸಾಕಾ? ಈ ಮಗ್ಗದಲ್ಲಿ ನೇಯ್ದವರು ದಯವಿಟ್ಟು ತಿಳಿಸಿ.