7,500 ದಾಟಿದರೆ ಪೂರ್ತಿ ಮೊತ್ತಕ್ಕೆ ಜಿಎಸ್‌ಟಿಯೋ, ಮೇಲಿನದಕ್ಕೆ ಮಾತ್ರವೋ? ಕಾಸರಗೋಡಿನ ಒಂದು ಫ್ಲ್ಯಾಟ್ ಸಂಘದ ಲೆಕ್ಕ

ನುಳ್ಳಿಪ್ಪಾಡಿ ಖಜಾಂಚಿ: ನಮ್ಮದು ಕಾಸರಗೋಡಿನಲ್ಲಿ 30 ಫ್ಲ್ಯಾಟಿನ ಸಂಘ. ಸೊಸೈಟಿ ಕಾಯ್ದೆಯಡಿ ನೋಂದಣಿ ಆಗಿದೆ. 20 ಸಣ್ಣ ಫ್ಲ್ಯಾಟಿಗೆ ತಿಂಗಳಿಗೆ 6,000, 10 ದೊಡ್ಡದಕ್ಕೆ 8,200 ಮೇಂಟೆನೆನ್ಸ್. ಈ 2025-26ಕ್ಕೆ ನನ್ನನ್ನು ಖಜಾಂಚಿ ಮಾಡಿದ್ದಾರೆ. ಜಿಎಸ್‌ಟಿ ಹಾಕಬೇಕಾ? ಸೆಕ್ಯುರಿಟಿ ಏಜೆನ್ಸಿಗೆ ತಿಂಗಳಿಗೆ 42,000, ಅದರ ಮೇಲೆ ಜಿಎಸ್‌ಟಿ 7,560 ಕೊಡುತ್ತೇವೆ. ಟಿಡಿಎಸ್ ಹಿಡಿಯಬೇಕಾ? ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಹಿಡಿದಿಲ್ಲ.

ನಿವೃತ್ತ ಬ್ಯಾಂಕಿನವ: ಎರಡೂ ಬೇಡ. ತಿಂಗಳಿಗೆ 7,500ರವರೆಗೆ ವಿನಾಯಿತಿ ಇದೆ, ಹಾಗಾಗಿ 6,000ದ ಫ್ಲ್ಯಾಟುಗಳಿಗೆ ತೆರಿಗೆ ಇಲ್ಲ. ತೆರಿಗೆ ಬೀಳುವುದು 10 ಫ್ಲ್ಯಾಟಿನ 82,000ಕ್ಕೆ. ವರ್ಷಕ್ಕೆ 9,84,000 ಆಯಿತು. ಜಿಎಸ್‌ಟಿ ನೋಂದಣಿ ಬೇಕಾಗುವ 20 ಲಕ್ಷ ಎಲ್ಲಿದೆ? ನೋಂದಣಿಯೇ ಬೇಡ. ಸಂಘ ಲಾಭಕ್ಕೆ ನಡೆಯುವುದಲ್ಲ, ಹಾಗಾಗಿ ಟಿಡಿಎಸ್ಸೂ ಇಲ್ಲ.

ಲೆಕ್ಕದಕ್ಕ: 7,500 ವಿನಾಯಿತಿ ಅಂತ ನೀವು ಹೇಳಿದ್ದು ಸರಿ. ಆದರೆ 20 ಲಕ್ಷ ಎಣಿಸುವಾಗ ವಿನಾಯಿತಿ ಇರುವ ಹಣವನ್ನೂ ಸೇರಿಸಬೇಕು. 20 ಫ್ಲ್ಯಾಟಿನ 1,20,000, 10 ಫ್ಲ್ಯಾಟಿನ 82,000. ತಿಂಗಳಿಗೆ 2,02,000, ವರ್ಷಕ್ಕೆ 24,24,000. ಮಿತಿ ದಾಟಿತು. ಎಲ್ಲಾ ಫ್ಲ್ಯಾಟೂ 7,500 ಅಥವಾ ಅದಕ್ಕಿಂತ ಕಡಿಮೆ ಇದ್ದಿದ್ದರೆ 24 ಲಕ್ಷ ಬಂದರೂ ನೋಂದಣಿ ಬೇಕಿರಲಿಲ್ಲ. ಇಲ್ಲಿ 10 ಫ್ಲ್ಯಾಟು 8,200 ಇರುವುದೇ ತೊಂದರೆ. ಮೊದಲು ಒಟ್ಟು ವರಮಾನ, ಆಮೇಲೆ ತಲಾ ಮೊತ್ತ. ಈ ಎರಡನ್ನೂ ದಾಟಿದವರಿಗೆ ಮಾತ್ರ ಜಿಎಸ್‌ಟಿ.

ಒಂದು ವಿಷಯ ನೋಡಿಕೊಳ್ಳಿ. ಆ 2,02,000ದಲ್ಲಿ ಫ್ಲ್ಯಾಟಿನವರ ಪರವಾಗಿ ವಸೂಲಿ ಮಾಡಿ ಮುನಿಸಿಪಾಲಿಟಿಗೆ ಕಟ್ಟುವ ಮನೆ ತೆರಿಗೆ ಇದೆಯಾ? ಇದ್ದರೆ, ಬಿಲ್ಲಿನಲ್ಲಿ ಬೇರೆ ತೋರಿಸಿ ಅಷ್ಟಕ್ಕಷ್ಟೇ ಕಟ್ಟಿದರೆ ಅದು ವರಮಾನವಲ್ಲ. ಕಳೆದ ಮೇಲೆ ಒಟ್ಟು 20 ಲಕ್ಷದೊಳಗೆ ಬಂದರೆ ಕತೆ ಅಲ್ಲೇ ಮುಗಿಯಿತು.

ಉಪ್ಪಳದವ: "7,500 ವಿನಾಯಿತಿ" ಅಂತ ಅಕ್ಕನೇ ಒಪ್ಪಿದರು ನೋಡಿ! ಹಾಗಿದ್ದರೆ 8,200ರಲ್ಲಿ 7,500ಕ್ಕೆ ತೆರಿಗೆ ಇಲ್ಲ. ಉಳಿದ 700ಕ್ಕೆ 18 ಪರ್ಸೆಂಟ್, 126 ರೂಪಾಯಿ. ಮದ್ರಾಸ್ ಹೈಕೋರ್ಟ್ 2021ರ ಜುಲೈಯಲ್ಲೇ ಹೇಳಿದೆ. ಪೂರ್ತಿಗೆ ಹಾಕಿ ಅಂದ ಸುತ್ತೋಲೆಯನ್ನೇ ರದ್ದು ಮಾಡಿದೆ. 126 ಬರೆದುಕೊಳ್ಳಿ ಖಜಾಂಚಿಯವರೇ, ಮುಗೀತು.

ಲೆಕ್ಕದಕ್ಕ: ಮುಗಿದಿಲ್ಲ. ಆ ಸುತ್ತೋಲೆ 2019ರ ಜುಲೈ 22ರದ್ದು, ನಂಬರ್ 109. ಅದರ ಪ್ರಕಾರ 7,500 ದಾಟಿತೆಂದರೆ ಪೂರ್ತಿ 8,200ಕ್ಕೆ ತೆರಿಗೆ, ಅಂದರೆ 1,476. ಹತ್ತು ಫ್ಲ್ಯಾಟಿಗೆ ತಿಂಗಳಿಗೆ 14,760. ನಿಮ್ಮ ಲೆಕ್ಕದಲ್ಲಿ 1,260. ವ್ಯತ್ಯಾಸ ಅಷ್ಟು ದೊಡ್ಡದು. ಆದರೆ ತೀರ್ಪು ಮದ್ರಾಸಿನದು, ಸಂಘ ಕೇರಳದ್ದು. ಇಲ್ಲಿನ ಅಧಿಕಾರಿ ಸುತ್ತೋಲೆ ಹಿಡಿದುಕೊಂಡೇ ನೋಟಿಸ್ ಕೊಡಬಹುದು. ಆಗ ಮದ್ರಾಸ್ ತೀರ್ಪು ನಿಮ್ಮ ವಾದಕ್ಕೆ ಬಲ ಕೊಡುತ್ತದೆ, ಅಧಿಕಾರಿಯ ಕೈ ಕಟ್ಟುವುದಿಲ್ಲ.

ಮಂಜೇಶ್ವರ ಮಾಷ್ಟ್ರು: ಕಾಸರಗೋಡು 1956ರವರೆಗೆ ಮದ್ರಾಸಿಗೇ ಸೇರಿತ್ತಲ್ಲವೇ! ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮಹಾಜನ್ ವರದಿ ಜಾರಿಯಾಗಿದ್ದರೆ ಈಗ ನಾವು ಬೆಂಗಳೂರಿನ ಹೈಕೋರ್ಟಿಗೆ ಹೋಗುತ್ತಿದ್ದೆವು.

ಉಪ್ಪಳದವ: ಮಾಷ್ಟ್ರೇ, ನೀವು ತಮಾಷೆ ಮಾಡಿ. ಅಕ್ಕ "ಕೈ ಕಟ್ಟುವುದಿಲ್ಲ" ಅನ್ನುತ್ತಾರಲ್ಲ, ವಿನಾಯಿತಿ ಅಧಿಸೂಚನೆ ಏನು ಕೇರಳಕ್ಕೆ ಬೇರೆಯಾ? ಕೇಂದ್ರದ್ದು ಒಂದೇ. "ಪ್ರತಿ ಸದಸ್ಯನಿಗೆ ತಿಂಗಳಿಗೆ 7,500 ರೂಪಾಯಿಯವರೆಗೆ" ಅಂತ ಬರೆದಿದೆ. ದಾಟಿದರೆ ವಿನಾಯಿತಿ ಹೋಯಿತು ಅಂತ ಎಲ್ಲಿದೆ? ತೋರಿಸಿ.

ನಿವೃತ್ತ ಬ್ಯಾಂಕಿನವ: ನನ್ನ ಮಂಗಳೂರಿನ ಆಡಿಟರ್ ಪೂರ್ತಿಗೆ ಹಾಕುತ್ತಾರೆ. ಅವರಿಗೆ ಗೊತ್ತಿಲ್ಲ, ನಿಮಗೆ ಗೊತ್ತು ಅಂತಾನಾ?

ಉಪ್ಪಳದವ: ಮಂಗಳೂರಿನ ಆಡಿಟರ್ ಮಾತು ಕಾಸರಗೋಡಿಗೆ ನಡೆಯುತ್ತದೆ, ಮದ್ರಾಸಿನ ಹೈಕೋರ್ಟ್ ಮಾತು ನಡೆಯಲ್ಲ. ಭಾರಿ ಚೆನ್ನಾಗಿದೆ ಮಾರಾಯ್ರೆ.

ದುಬೈಯಿಂದ ಒಬ್ಬ: ನನಗೆ ಅದೇ ಥರದ ಕಟ್ಟಡದಲ್ಲಿ ಎರಡು ಫ್ಲ್ಯಾಟಿದೆ. ಎರಡಕ್ಕೂ ಸೇರಿ 12,000. 7,500 ದಾಟಿತು ಅಂತ ನಮ್ಮ ಖಜಾಂಚಿ 18 ಪರ್ಸೆಂಟ್ ಹಾಕಿ ಬಿಲ್ ಕಳಿಸಿದ್ದಾರೆ. ಎನ್‌ಆರ್‌ಐ ಅಂತ ಇನ್ನು ನನ್ನಿಂದ ಟಿಡಿಎಸ್ಸೂ ಹಿಡಿಯುತ್ತಾರಾ?

ಲೆಕ್ಕದಕ್ಕ: ಅಣ್ಣಾ, ಅದೇ ಸುತ್ತೋಲೆಯಲ್ಲಿ ನಿಮಗೆ ಉತ್ತರ ಇದೆ. ಒಬ್ಬರಿಗೆ ಎರಡು ಫ್ಲ್ಯಾಟಿದ್ದರೆ 7,500ರ ಮಿತಿ ಪ್ರತಿ ಫ್ಲ್ಯಾಟಿಗೂ ಬೇರೆ ಬೇರೆ. ತಲಾ 6,000, ತೆರಿಗೆ ಇಲ್ಲ. ಬಿಲ್ ಸರಿಮಾಡಿಸಿಕೊಳ್ಳಿ. ಟಿಡಿಎಸ್ ಅಂದರೆ ಹಣ ಕೊಡುವವರು ಹಿಡಿಯುವುದು. ನೀವು ಸಂಘಕ್ಕೆ ಕೊಡುತ್ತೀರಿ, ಸಂಘ ನಿಮಗಲ್ಲ. ಎನ್‌ಆರ್‌ಐ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಉಪ್ಪಳದವ: ನೋಡಿ, ಬೇಕಾದಾಗ ಸುತ್ತೋಲೆ ದೇವರ ವಾಕ್ಯ! ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ. "ಪೂರ್ತಿಗೆ" ಅಂತ ಅಧಿಸೂಚನೆಯಲ್ಲಿ ಎಲ್ಲಿದೆ?

ಲೆಕ್ಕದಕ್ಕ: ಇಲ್ಲ. ಅದಕ್ಕೇ ಮದ್ರಾಸ್ ತೀರ್ಪು ಹಾಗೆ ಬಂದದ್ದು. ನಿಮ್ಮ ವಾದ ದುರ್ಬಲ ಅಂತ ನಾನು ಎಲ್ಲೂ ಹೇಳಿಲ್ಲ. ಆದರೆ ಅದರ ಇನ್ನೊಂದು ತುದಿ ನೀವು ಹೇಳುತ್ತಿಲ್ಲ. ಸೆಕ್ಯುರಿಟಿಯವರಿಗೆ ಕೊಟ್ಟ 7,560 ಜಿಎಸ್‌ಟಿಯಲ್ಲಿ ಸಂಘ ಕ್ರೆಡಿಟ್ ತೆಗೆಯಬಹುದು, ತೆರಿಗೆ ಬೀಳುವ ವರಮಾನದ ಪಾಲಿನಷ್ಟು ಮಾತ್ರ. ಪೂರ್ತಿ 82,000 ತೆರಿಗೆಯದ್ದಾದರೆ 2,02,000ದಲ್ಲಿ ಅದು ಸುಮಾರು 40 ಪರ್ಸೆಂಟ್. 3,000 ಚಿಲ್ಲರೆ ವಾಪಸ್ ಸಿಗುತ್ತದೆ. ನಿಮ್ಮ ಲೆಕ್ಕದಲ್ಲಿ ತೆರಿಗೆಯದ್ದು 7,000 ಮಾತ್ರ. ಕ್ರೆಡಿಟ್ 260 ರೂಪಾಯಿ ಆಸುಪಾಸು. ಲಿಫ್ಟ್, ಪಂಪ್, ಜನರೇಟರ್ ಬಿಲ್ಲಿಗೂ ಇದೇ ಅನುಪಾತ. 126 ಹಾಕಿ, ಕ್ರೆಡಿಟ್ ಮಾತ್ರ ಪೂರ್ತಿ ತೆಗೆಯುವ ಸಂಘಗಳನ್ನು ನೋಡಿದ್ದೇನೆ. ಸಿಕ್ಕಿಬೀಳುವುದು ಅಲ್ಲೇ.

ಉಪ್ಪಳದವ: "ದುರ್ಬಲ ಅಂತ ಹೇಳಿಲ್ಲ." ಅಷ್ಟು ಸಾಕು.

ನಿವೃತ್ತ ಬ್ಯಾಂಕಿನವ: ಇಷ್ಟೆಲ್ಲಾ ಯಾಕೆ? ಬಿಲ್ಲನ್ನು 7,500 ಮಾಡಿ. ಉಳಿದ 700 "ಪಂಪ್ ನಿಧಿ" ಅಂತ ಬೇರೆ ರಸೀದಿ ಕೊಡಿ. ನಾವು ಹಾಗೇ ಮಾಡುತ್ತಿದ್ದೇವೆ, ಯಾರೂ ಕೇಳಿಲ್ಲ.

ಲೆಕ್ಕದಕ್ಕ: ಯಾರೂ ಕೇಳಿಲ್ಲ ಅನ್ನುವುದು ವಾದ ಆಗಲ್ಲ ಸಾರ್. ಪಂಪ್ ರಿಪೇರಿಯೂ ಎಲ್ಲರೂ ಸೇರಿ ಬಳಸುವ ಸೇವೆಯೇ. ಒಂದೇ ತಿಂಗಳು, ಒಂದೇ ಸದಸ್ಯ, ಎರಡು ರಸೀದಿ. ಅಧಿಕಾರಿ ಕೂಡಿಸಿಯೇ ಕೂಡಿಸುತ್ತಾರೆ. ನಿಜವಾಗಿ 7,500ಕ್ಕೆ ಇಳಿಸಿದರೆ ಅದು ಬೇರೆ ಮಾತು. ಹತ್ತು ಫ್ಲ್ಯಾಟಿಂದ ತಿಂಗಳಿಗೆ 7,000, ವರ್ಷಕ್ಕೆ 84,000 ಕಡಿಮೆಯಾಗುತ್ತದೆ. ಆ ಖರ್ಚು ಇಳಿಸಲು ಆಗುತ್ತದಾ ಅಂತ ಸಭೆಯಲ್ಲಿ ಕೇಳಿ. ರಿಟರ್ನ್, ಆಡಿಟರ್ ಫೀಸು ಎಲ್ಲಾ ಉಳಿಯುತ್ತದೆ.

ಮಂಜೇಶ್ವರ ಮಾಷ್ಟ್ರು: ನಮ್ಮದೇ ಕೇರಳ ಹೈಕೋರ್ಟ್ 2025ರ ಏಪ್ರಿಲ್‌ನಲ್ಲಿ ವೈದ್ಯರ ಸಂಘದ ಕೇಸಿನಲ್ಲಿ ತೀರ್ಪು ಕೊಟ್ಟಿತಲ್ಲ? ಸಂಘ ಮತ್ತು ಸದಸ್ಯರ ನಡುವೆ ತೆರಿಗೆ ಹಾಕುವ ಕಲಮೇ ಸಂವಿಧಾನಕ್ಕೆ ವಿರುದ್ಧ ಅಂತ. ಹಾಗಾದರೆ 126ವೂ ಇಲ್ಲ, 1,476ವೂ ಇಲ್ಲ. ಇಬ್ಬರೂ ಸುಮ್ನೆ ಜಗಳವಾಡುತ್ತಿದ್ದೀರಿ.

ಉಪ್ಪಳದವ: ಮಾಷ್ಟ್ರು ಪಕ್ಷ ಬದಲಾಯಿಸಿದರು! ಈಗ ಎರ್ನಾಕುಲಂ ಬೇಕು, ಬೆಂಗಳೂರು ಬೇಡ.

ಮಂಜೇಶ್ವರ ಮಾಷ್ಟ್ರು: ನಾಲಿಗೆ ಹಿಡಿದು ಮಾತಾಡು. ಗಡಿ ವಿಷಯ ಬೇರೆ, ತೆರಿಗೆ ವಿಷಯ ಬೇರೆ. ಕನ್ನಡಿಗನಾಗಿರಲು ನಿನ್ನ ಅಪ್ಪಣೆ ಬೇಡ.

ಲೆಕ್ಕದಕ್ಕ: ತೀರ್ಪು ಬಂದದ್ದು ನಿಜ, ಕೇರಳದ ಸಂಘಗಳಿಗೆ ಅದು ಮದ್ರಾಸಿನದ್ದಕ್ಕಿಂತ ದೊಡ್ಡ ಆಯುಧ. ಆದರೆ ಸಂಸತ್ತು ಮಾಡಿದ ಕಾನೂನು ಹೋಯಿತು ಅಂದರೆ ಇಲಾಖೆ ಸುಮ್ಮನೆ ಕೂರುತ್ತದಾ? ಅದನ್ನೇ ನಂಬಿ ನಾಳೆಯಿಂದ ನಿಲ್ಲಿಸಿ ಅಂತ ನಾನು ಖಜಾಂಚಿಗೆ ಹೇಳಲ್ಲ. ಒಂದು ಮಾತ್ರ ಖಂಡಿತ. ಸದಸ್ಯರಿಂದ ಜಿಎಸ್‌ಟಿ ಅಂತ ಬರೆದು ವಸೂಲಿ ಮಾಡಿದಿರೋ, ಅದನ್ನು ಕಟ್ಟಲೇಬೇಕು. ತೀರ್ಪು ನಮ್ಮ ಪರ ಇದೆ ಅಂತ ಸಂಘದ ಖಾತೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ.

ನುಳ್ಳಿಪ್ಪಾಡಿ ಖಜಾಂಚಿ: ನನ್ನ ಟಿಡಿಎಸ್ ಪ್ರಶ್ನೆ ಎಲ್ಲರೂ ಮರೆತಿರಿ. 49,560ರ ಮೇಲೆ 2 ಪರ್ಸೆಂಟ್ ಅಂದರೆ 991 ಹಿಡಿಯಬೇಕು ಅಂತ ಪಕ್ಕದ ಕಟ್ಟಡದವರು ಹೇಳಿದರು.

ನಿವೃತ್ತ ಬ್ಯಾಂಕಿನವ: ಲಾಭದ ಸಂಸ್ಥೆ ಅಲ್ಲ ಅಂದೆನಲ್ಲ.

ಲೆಕ್ಕದಕ್ಕ: ಗುತ್ತಿಗೆದಾರರ ಟಿಡಿಎಸ್ ಕಲಮು, 194ಸಿ, ಲಾಭ ಕೇಳುವುದಿಲ್ಲ. ಸೊಸೈಟಿ ಕಾಯ್ದೆಯಡಿ ನೋಂದಣಿಯಾದ ಸಂಘ ಅದರ ಪಟ್ಟಿಯಲ್ಲೇ ಇದೆ. ನೋಂದಣಿ ಇಲ್ಲದ ಒಕ್ಕೂಟಕ್ಕಾದರೆ ಆಡಿಟ್ ಮಿತಿ ನೋಡಬೇಕಿತ್ತು. ಖಜಾಂಚಿಯವರೇ, ಒಂದು ಬಿಲ್ 30,000 ದಾಟಿದರೆ ಅಥವಾ ವರ್ಷದಲ್ಲಿ ಒಟ್ಟು ಒಂದು ಲಕ್ಷ ದಾಟಿದರೆ ಹಿಡಿಯಬೇಕು. ನಿಮ್ಮದು ಮೊದಲ ಬಿಲ್ಲೇ 42,000. ಜಿಎಸ್‌ಟಿ ಬಿಲ್ಲಿನಲ್ಲಿ ಬೇರೆ ತೋರಿಸಿದ್ದರೆ ಟಿಡಿಎಸ್ 42,000ದ ಮೇಲೆ ಮಾತ್ರ. 991 ತಪ್ಪು.

ದರ ತಿಳಿಯಲು ಏಜೆನ್ಸಿಯ ಪಾನ್ ನಂಬರಿನ ನಾಲ್ಕನೇ ಅಕ್ಷರ ನೋಡಿ. ಪಿ ಇದ್ದರೆ ಒಬ್ಬನ ಹೆಸರಿನ ವ್ಯವಹಾರ, 1 ಪರ್ಸೆಂಟ್, 420. ಸಿ ಅಥವಾ ಎಫ್ ಇದ್ದರೆ ಕಂಪನಿ ಅಥವಾ ಪಾಲುದಾರಿಕೆ, 2 ಪರ್ಸೆಂಟ್, 840. ಪಾನ್ ಕೊಡದಿದ್ದರೆ 20 ಪರ್ಸೆಂಟ್. ಗುಡಿಸುವವರಿಗೆ ನೀವೇ ನೇರ ಸಂಬಳ ಕೊಡುತ್ತಿದ್ದರೆ ಅದನ್ನು ಇಲ್ಲಿ ಎಳೆಯಬೇಡಿ, ಅದು ಗುತ್ತಿಗೆ ಅಲ್ಲ.

ನುಳ್ಳಿಪ್ಪಾಡಿ ಖಜಾಂಚಿ: ನಾಲ್ಕನೇ ಅಕ್ಷರ ಸಿ. ಟಿಡಿಎಸ್ ಕಟ್ಟಲು ಬೇಕಾದ ಟಾನ್ ನಂಬರ್ ಸಹ ನಮಗೆ ಇಲ್ಲ. ಹಿಂದಿನ ಖಜಾಂಚಿ ತೆಗೆದಿಲ್ಲ.

ಲೆಕ್ಕದಕ್ಕ: ಮೊದಲ ಕೆಲಸ ಟಾನ್. ಆಮೇಲೆ ಒಂಬತ್ತು ತಿಂಗಳ 840, ಅಂದರೆ 7,560 ಕಟ್ಟಿ. ನಿಮ್ಮ ಸೆಕ್ಯುರಿಟಿ ಜಿಎಸ್‌ಟಿಯೂ ಅಷ್ಟೇ ಇದೆ, ಎರಡನ್ನೂ ಕಲಸಬೇಡಿ! ಹಿಡಿಯದೇ ಬಿಟ್ಟ ತಿಂಗಳಿಗೆ 1 ಪರ್ಸೆಂಟ್ ಬಡ್ಡಿ. ಹಿಡಿದು ಕಟ್ಟದಿದ್ದರೆ ಒಂದೂವರೆ. ಕಟ್ಟುವ ಗಡುವು ಮುಂದಿನ ತಿಂಗಳ 7, ಮಾರ್ಚ್‌ದಕ್ಕೆ ಮಾತ್ರ ಏಪ್ರಿಲ್ 30. ನೋವಾಗುವುದು ಬಡ್ಡಿಯಲ್ಲ, ಮೂರು ತಿಂಗಳಿಗೊಮ್ಮೆ ಹಾಕುವ 26ಕ್ಯೂ ಟಿಡಿಎಸ್ ರಿಟರ್ನಿನ ತಡದ ಶುಲ್ಕ. ದಿನಕ್ಕೆ 200. ಒಂದು ತ್ರೈಮಾಸಿಕದ ತೆರಿಗೆ ಎಷ್ಟೋ ಅಷ್ಟಕ್ಕೆ ನಿಲ್ಲುತ್ತದೆ. ನಿಮಗೆ 2,520. ಜುಲೈ 31ರದ್ದು, ಅಕ್ಟೋಬರ್ 31ರದ್ದು ಎರಡೂ ತಪ್ಪಿವೆ, ಆ ಎರಡಕ್ಕೂ ಪೂರ್ತಿ ಬೀಳುತ್ತದೆ. ಡಿಸೆಂಬರ್ ತ್ರೈಮಾಸಿಕದ್ದು ಜನವರಿ 31ರೊಳಗೆ ಹಾಕಿ, ಅದಾದರೂ ಉಳಿಯಲಿ. ಕೊಟ್ಟ ಹಣದಿಂದ ಈಗ ಕತ್ತರಿಸಲು ಆಗಲ್ಲ. ಏಜೆನ್ಸಿಗೆ ಹೇಳಿ ಮುಂದಿನ ಬಿಲ್ಲುಗಳಲ್ಲಿ ಹೊಂದಿಸಿಕೊಳ್ಳಿ.

ದುಬೈಯಿಂದ ಒಬ್ಬ: ನನ್ನ 12,000ಕ್ಕೆ ತೆರಿಗೆ ಇಲ್ಲ ಅಂತ ಹೇಳಿದ ಸುತ್ತೋಲೆ ಮದ್ರಾಸಿನಲ್ಲಿ ರದ್ದಾಗಿದೆಯಲ್ಲ? ಹಾಗಾದರೆ ನನ್ನ ವಿನಾಯಿತಿಯೂ ಹೋಯಿತಾ?

ಉಪ್ಪಳದವ: ಇಲ್ಲ ಮಾರಾಯ್ರೆ. ರದ್ದಾದದ್ದು ಪೂರ್ತಿಗೆ ತೆರಿಗೆ ಅಂದ ಭಾಗ ಮಾತ್ರ. ಅಕ್ಕಾ, ಹೇಳಿ ಇವರಿಗೆ.

ನಿವೃತ್ತ ಬ್ಯಾಂಕಿನವ: ಓಹೋ, ಈಗ ಅಕ್ಕ ಬೇಕಾಯಿತು.